ಬ್ಯಾಕ್ ಪೇಪರ್: ಇಂಟರ್ನಲ್ಸ್ 38 ಇದೆ, ಈಗ ಎಕ್ಸಾಂನಲ್ಲಿ ಎಷ್ಟು ತೆಗೆಯಬೇಕು?

ಮೂರನೇ ಸೆಮ್ ಮಾಲಿನಿ
ಎಲ್ಲರಿಗೂ ನಮಸ್ಕಾರ. ವಿಟಿಯು, ಸಿಎಸ್ ಬ್ರಾಂಚ್. ಮೂರನೇ ಸೆಮ್ ಮ್ಯಾಥ್ಸ್ BCS301 ಹೋಗಿದೆ. ರಿಸಲ್ಟ್ ಪೇಜಿನಲ್ಲಿ ಹೀಗಿದೆ: ಇಂಟರ್ನಲ್ 38, ಎಕ್ಸ್‌ಟರ್ನಲ್ 16, ಟೋಟಲ್ 54, ಪಕ್ಕದಲ್ಲಿ F.

ಪಾಸಾಗಲು 40 ಸಾಕು ಅಂತಾರೆ. ನನಗೆ 54 ಬಂದಿದೆ. ಹಾಗಾದ್ರೆ F ಯಾಕೆ? ಈಗ ಬರೀ ಎಕ್ಸಾಂ ಮತ್ತೆ ಬರೆದರೆ ಹಳೆಯ 38 ಹಾಗೇ ಉಳಿಯುತ್ತಾ? ಉಳಿದರೆ ಹೊಸ ಪೇಪರಿನಲ್ಲಿ ಎಷ್ಟು ಬೇಕು? ನನ್ನ ರೂಮ್‌ಮೇಟ್ 40ರಲ್ಲಿ 38 ಕಳೆದು "ಎರಡೇ ಮಾರ್ಕ್ಸ್ ಕಣೇ, ಹೆಸರು ಬರೆದು ಬಂದರೂ ಪಾಸ್" ಅಂತ ನಗ್ತಾಳೆ.

ಗಡಿಬಿಡಿ ಗಿರೀಶ
54 ಬಂದು F ಅಂದ್ರೆ ಕಂಪ್ಯೂಟರ್ ತಪ್ಪು. ನಾಳೆ ಬೆಳಿಗ್ಗೆಯೇ ಎಕ್ಸಾಂ ಸೆಕ್ಷನ್‌ಗೆ ಹೋಗಿ ಜಗಳ ಮಾಡಿ.

ಬೆಂಚ್ ನಂಬರ್ ಏಳು
ಜಗಳ ಬೇಡ ಮಾರಾಯ. ಎಕ್ಸ್‌ಟರ್ನಲ್‌ನಲ್ಲಿ ಬೇರೆ ಮಿನಿಮಮ್ ಇದೆ. 21 ಬೇಕು. ಪೇಪರ್ 100ಕ್ಕೆ ಇರುತ್ತೆ, ಅದನ್ನು 60ಕ್ಕೆ ಇಳಿಸ್ತಾರೆ. 35 ತೆಗೆದರೆ 21 ಆಗುತ್ತೆ. ಇವರಿಗೆ 16 ಬಂದಿದೆ, ಅದಕ್ಕೆ ಫೇಲ್. ನಾನೂ ಒಂದು ಸಲ ಹೀಗೇ ಕೂತಿದ್ದೆ.

ಪಾಠದ ಮೇಡಂ
ಏಳನೇ ಬೆಂಚಿನವರು ಹೇಳಿದ್ದರಲ್ಲಿ ಅರ್ಧ ಸರಿ. ಬೇರೆ ಮಿನಿಮಮ್ ಇರುವುದು ನಿಜ. ಆದರೆ 60ಕ್ಕೆ ಇಳಿಸುವುದು ನಿಮ್ಮ ಕಾಲದ 2018ರ ಸ್ಕೀಮಿನ ಲೆಕ್ಕ. ಆಗ ಇಂಟರ್ನಲ್ಸ್ 40, ಎಕ್ಸಾಂ 60. ಮಾಲಿನಿಯ ಸಬ್ಜೆಕ್ಟ್ ಕೋಡ್ ನೋಡಿ, BCS ಅಂತ B ಇಂದ ಶುರುವಾಗುತ್ತೆ. ಅದು 2022ರ ಸ್ಕೀಮ್. ನಿಮ್ಮದು 18MAT31 ಇದ್ದಿರಬೇಕು, ಮುಂದಿನ 18 ಅಂಕಿಯೇ ಸ್ಕೀಮ್ ಯಾವುದು ಅಂತ ಹೇಳುತ್ತೆ. ಬ್ಯಾಕ್ ಲೆಕ್ಕ ಮಾಡುವವರು ಮೊದಲು ಕೋಡ್ ನೋಡಬೇಕು. ಸೀನಿಯರ್ ಹೇಳಿದ ನಂಬರ್ ಹಿಡಿದುಕೊಂಡು ಹೋದರೆ ಕಷ್ಟ.

ಈಗ ಇಂಟರ್ನಲ್ಸ್ 50, ಎಕ್ಸಾಂ 50. ಪೇಪರ್ 100ಕ್ಕೇ ಇರುತ್ತೆ, ಬಂದದ್ದನ್ನು ಅರ್ಧ ಮಾಡ್ತಾರೆ. ಪಾಸಾಗಲು ಮೂರು ಬಾಗಿಲು ದಾಟಬೇಕು. ಇಂಟರ್ನಲ್ಸ್‌ನಲ್ಲಿ 50ಕ್ಕೆ 20. ಎಕ್ಸಾಂನಲ್ಲಿ 50ಕ್ಕೆ 18. ಎರಡೂ ಸೇರಿ 100ಕ್ಕೆ 40. ಮೂರರಲ್ಲಿ ಒಂದು ತಪ್ಪಿದರೂ F. ಮಾಲಿನಿ ಮೊದಲನೆಯದನ್ನೂ ಮೂರನೆಯದನ್ನೂ ಸಲೀಸಾಗಿ ದಾಟಿದ್ದಾಳೆ, ಮಧ್ಯದ್ದರಲ್ಲಿ ಬಿದ್ದಿದ್ದಾಳೆ. ಕಂಪ್ಯೂಟರ್ ತಪ್ಪಲ್ಲ.

38 ಉಳಿಯುತ್ತೆ. ಇಂಟರ್ನಲ್ಸ್ ಪಾಸಾಗಿ ಎಕ್ಸಾಂ ಮಾತ್ರ ಹೋದರೆ ಹಳೆಯ ಇಂಟರ್ನಲ್ಸ್ ಹಾಗೇ ಮುಂದಕ್ಕೆ ಬರುತ್ತೆ. ಮತ್ತೆ ಕ್ಲಾಸಿಗೆ ಕೂರಬೇಕಿಲ್ಲ, ಟೆಸ್ಟ್, ಅಸೈನ್‌ಮೆಂಟ್ ಏನೂ ಇಲ್ಲ. ಹೊಸ ಎಕ್ಸಾಂ ಮಾರ್ಕ್ಸ್ ಹಳೆಯ 16ರ ಜಾಗದಲ್ಲಿ ಕೂರುತ್ತೆ, ಅಷ್ಟೇ.

ಗಡಿಬಿಡಿ ಗಿರೀಶ
ಸರಿ ಸರಿ, ಜಗಳ ವಾಪಸ್.

ಮೂರನೇ ಸೆಮ್ ಮಾಲಿನಿ
ಥ್ಯಾಂಕ್ಸ್ ಮೇಡಂ. ಅಂದ್ರೆ ಪೇಪರಿನಲ್ಲಿ 36 ಬೇಕಾ? 18ರ ಡಬಲ್?

ಪಾಠದ ಮೇಡಂ
35 ಸಾಕು. ಎಕ್ಸಾಂ ಮಿನಿಮಮ್ ಶೇಕಡಾ 35. ಅದರ ಅರ್ಧ 17.5, ಅದನ್ನು 18 ಅಂತ ತಗೋತಾರೆ. ನಿಯಮದಲ್ಲೇ "ಶೇಕಡಾ 35, ಅಂದರೆ 50ಕ್ಕೆ 18" ಅಂತ ಇದೆ. ಅರ್ಧ ಬಂದರೆ ಮೇಲಕ್ಕೆ ಹೋಗುತ್ತೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತೆ. ನಿನ್ನ 16 ಅಂದರೆ ಪೇಪರಿನಲ್ಲಿ 31 ಅಥವಾ 32 ಬಂದಿದೆ. ಯಾವುದು ಅಂತ ರಿಸಲ್ಟ್ ಪೇಜ್ ಹೇಳಲ್ಲ. ರೀವ್ಯಾಲ್ಯುಯೇಶನ್ ಹಾಕುವುದಾದರೆ ಮೂರು ಇಲ್ಲಾ ನಾಲ್ಕು ಮಾರ್ಕ್ಸ್ ಜಾಸ್ತಿ ಆಗಬೇಕು. ಉತ್ತರ ಪತ್ರಿಕೆಯ ಫೋಟೋಕಾಪಿ ತರಿಸಿ ನೋಡು. ಯಾವುದಾದರೂ ಉತ್ತರಕ್ಕೆ ಮಾರ್ಕ್ಸ್ ಹಾಕದೆ ಬಿಟ್ಟಿದ್ದರೆ, ಕೂಡಿಸಿದ್ದು ತಪ್ಪಾಗಿದ್ದರೆ ಹಾಕು. ಇಲ್ಲದಿದ್ದರೆ ಆ ದುಡ್ಡು ಬ್ಯಾಕ್ ಫೀಸಿಗೆ ಆಗುತ್ತೆ.

ಬೆಂಚ್ ನಂಬರ್ ಏಳು
ಒಪ್ಪಿದೆ ಮೇಡಂ, ನನ್ನದು 18 ಸ್ಕೀಮೇ. ಆದರೂ ಒಂದು ಮಾತು. 35 ತೆಗೆದರೆ ಪಾಸ್ ಅನ್ನೋದು ಎರಡು ಸ್ಕೀಮಿಗೂ ಒಂದೇ ಆಯ್ತಲ್ಲ? ಮತ್ತೆ ನಾನು ಹೇಳಿದ್ದರಲ್ಲಿ ಏನು ತಪ್ಪು?

ಇಪ್ಪತ್ತರ ಸಾವಾಸ
ತಪ್ಪಿದೆ ಅಣ್ಣಾ. ನನ್ನ ಕೇಸು ಕೇಳಿ. ನನ್ನ ಇಂಟರ್ನಲ್ಸ್ ಸರಿಯಾಗಿ 20. ಸೀನಿಯರ್ಸ್ ಎಲ್ಲಾ "35 ತೆಗಿ, ಪಾಸ್" ಅಂದರು. ಬಂದದ್ದು ಎಕ್ಸ್‌ಟರ್ನಲ್ 18. 20ಕ್ಕೆ 20 ಮಿನಿಮಮ್ ಆಯ್ತು, 18ಕ್ಕೆ 18 ಆಯ್ತು. ಸೇರಿಸಿದರೆ 38. F. ಎರಡರಲ್ಲೂ ಪಾಸಾಗಿ ಸಬ್ಜೆಕ್ಟಿನಲ್ಲಿ ಫೇಲಾದೆ. ಮನೆಯಲ್ಲಿ ಇದನ್ನು ಹೇಗೆ ಹೇಳಬೇಕು ಅಂತಲೇ ಗೊತ್ತಾಗಲಿಲ್ಲ.

ಪಾಠದ ಮೇಡಂ
ಪ್ರತಿ ಸಲ ಇಬ್ಬರು ಮೂವರಾದರೂ ಈ ಹಳ್ಳಕ್ಕೆ ಬೀಳ್ತಾರೆ. ಲೆಕ್ಕ ಬಹಳ ಸುಲಭ, ಆದರೆ ಯಾರೂ ಮಾಡಲ್ಲ. ಬೇಕಾದ ಟೋಟಲ್‌ನಿಂದ ಇಂಟರ್ನಲ್ಸ್ ಕಳೆಯಿರಿ. ಬಂದದ್ದು, ಇಲ್ಲಾ 18, ಎರಡರಲ್ಲಿ ಯಾವುದು ದೊಡ್ಡದೋ ಅದು 50ಕ್ಕೆ ಬೇಕಾದ ಮಾರ್ಕ್ಸ್. ಡಬಲ್ ಮಾಡಿದರೆ ಪೇಪರಿನ ಗುರಿ.

```
ಬೇಕಾದ_50 = max(18, ಟೋಟಲ್ - ಇಂಟರ್ನಲ್)
ಪೇಪರ್_100 = 2 × ಬೇಕಾದ_50
```

18 ಬಂದಾಗ ಮಾತ್ರ 36ರ ಬದಲು 35 ಅಂತ ಓದಿಕೊಳ್ಳಿ.

ಇಂಟರ್ನಲ್ಸ್ 20 ಇದ್ದವರಿಗೆ 40ರಲ್ಲಿ 20 ಕಳೆದರೆ 20, ಪೇಪರಿನಲ್ಲಿ 40. 21 ಇದ್ದವರಿಗೆ 19, ಪೇಪರಿನಲ್ಲಿ 38. 22 ಮತ್ತು ಅದಕ್ಕಿಂತ ಜಾಸ್ತಿ ಇದ್ದವರೆಲ್ಲರಿಗೂ 35. 22 ಇರಲಿ, 49 ಇರಲಿ, ಬರೀ ಪಾಸಿನ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಅದಕ್ಕೇ ಮಾಲಿನಿಯ ರೂಮ್‌ಮೇಟ್ ಲೆಕ್ಕ ತಪ್ಪುತ್ತೆ. 38 ಇದ್ದರೂ 18ರ ಕೆಳಗೆ ಇಳಿಯೋಕೆ ಆಗಲ್ಲ.

2018ರ ಸ್ಕೀಮಿನಲ್ಲೂ ಇದೇ ತಂಟೆ ಇತ್ತು. ಎಕ್ಸಾಂ 21 ಬಂದರೆ ಇಂಟರ್ನಲ್ಸ್ 19 ಇದ್ದರೆ ಮಾತ್ರ 40 ಆಗುತ್ತೆ. 16 ಇದ್ದವರಿಗೆ 24 ಬೇಕು, ಅಂದರೆ ಪೇಪರಿನಲ್ಲಿ 40. ಏಳನೇ ಬೆಂಚಿನವರ ಇಂಟರ್ನಲ್ಸ್ ಚೆನ್ನಾಗಿತ್ತು ಅನಿಸುತ್ತೆ, ಅದಕ್ಕೆ ನಿಮಗೆ ಇದು ಕಾಣಿಸಿಲ್ಲ.

ಬೆಂಚ್ ನಂಬರ್ ಏಳು
34 ಇತ್ತು ಮೇಡಂ :) ಸೋತೆ.

ಹಳೇ ಹುಲಿ 2010
ಅಯ್ಯೋ ನಮ್ಮ ಕಾಲ ಕೇಳಿ. 2010ರ ಸ್ಕೀಮ್. ಇಂಟರ್ನಲ್ಸ್ 25, ಎಕ್ಸಾಂ 100, ಒಟ್ಟು 125. ಅರ್ಧ ಗಿರ್ಧ ಏನೂ ಇಲ್ಲ. ಪೇಪರಿನಲ್ಲಿ 35, ಒಟ್ಟು 50. ಇಂಟರ್ನಲ್ಸ್ 15 ಇದ್ದವನು 35ಕ್ಕೆ ಪಾಸ್, 12 ಇದ್ದವನಿಗೆ 38 ಬೇಕು. ನಮ್ಮ ಹಾಸ್ಟೆಲ್‌ನಲ್ಲಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಎಲ್ಲರ ಹೆಸರು ಬರೆದು ಪಕ್ಕದಲ್ಲಿ "ಬೇಕಾದದ್ದು" ಅಂತ ಬರೆದಿರುತ್ತಿದ್ದೆವು. ಎಕ್ಸಾಂ ಮುಗಿಸಿ ಬಂದವನು ಕ್ವೆಶ್ಚನ್ ಪೇಪರ್ ಮೇಲೆ ಮಾರ್ಕ್ಸ್ ಕೂಡಿಸಿ ಬಾಗಿಲು ನೋಡ್ತಿದ್ದ. ಈಗಿನವರಿಗೆ ಇಂಟರ್ನಲ್ಸ್ 50 ಕೊಟ್ಟು ಅಳ್ತಾರೆ.

ಗಡಿಬಿಡಿ ಗಿರೀಶ
ಬಂದರು ನೋಡಿ, ನಮ್ಮ ಕಾಲದವರು.

ಹಳೇ ಹುಲಿ 2010
ಬರದೆ ಏನು, ನಿಮಗೆ ಕಳೆಯೋಕೆ ಯಾರು ಹೇಳಿಕೊಡ್ತಾರೆ?

ಪಿಯುಸಿ ಪೋಷಕ
ನನ್ನ ಮಗಳಿಗೂ ಇದೇ ಸಮಸ್ಯೆ. ದ್ವಿತೀಯ ಪಿಯುಸಿ ಫಿಸಿಕ್ಸ್. ಪ್ರಾಕ್ಟಿಕಲ್ 30ಕ್ಕೆ 29 ಬಂದಿದೆ, ಥಿಯರಿ ಹೋಗಿದೆ. ಹಾಗಾದರೆ ಅವಳಿಗೂ 18 ಸಾಕಾ? ಪರೀಕ್ಷೆ 2ಕ್ಕೆ ಕಟ್ಟಿದ್ದೇವೆ.

ಪಾಠದ ಮೇಡಂ
ಸರ್, ದಯವಿಟ್ಟು ಈ 18 ಅಲ್ಲಿಗೆ ಒಯ್ಯಬೇಡಿ. ಇದು ವಿಟಿಯು ಇಂಜಿನಿಯರಿಂಗ್ ಲೆಕ್ಕ. ಪಿಯುಸಿಯಲ್ಲಿ ಥಿಯರಿ 70, ಪ್ರಾಕ್ಟಿಕಲ್ 30, ಅದನ್ನು ಅರ್ಧ ಮಾಡುವ ಮಾತೇ ಇಲ್ಲ. ಪ್ರಾಕ್ಟಿಕಲ್ ಮಾರ್ಕ್ಸ್ ಮುಂದಕ್ಕೆ ಬರುವ ವಿಚಾರ ಮಾತ್ರ ಒಂದೇ ತರಹ. ಪಾಸಿನ ಮಿನಿಮಮ್ ಆ ವರ್ಷದ ಮಂಡಳಿ ಸುತ್ತೋಲೆಯಲ್ಲಿ ಇರುತ್ತೆ. ಈಚೆಗೆ ಬದಲಾಗಿದೆ ಕೂಡ. ಕಾಲೇಜಿನಲ್ಲಿ ಅದನ್ನೇ ತೋರಿಸಿ ಅಂತ ಕೇಳಿ.

ಪಿಯುಸಿ ಪೋಷಕ
ಆಯ್ತು ಮೇಡಂ. ಪ್ರಿನ್ಸಿಪಾಲರನ್ನೇ ಕೇಳ್ತೇನೆ.

ಆಟಾನಮಸ್ ಆನಂದ
ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಬ್ಯಾಕ್ ಬರೆದರೆ ಎಷ್ಟೇ ಬಂದರೂ ಗ್ರೇಡ್ P ಮಾತ್ರ ಕೊಡೋದು. ಆದ್ದರಿಂದ 35 ತೆಗೆದು ಕೈ ತೊಳೆದುಕೊಳ್ಳಿ, ಜಾಸ್ತಿ ಓದಿ ಏನೂ ಲಾಭ ಇಲ್ಲ.

ಇಪ್ಪತ್ತರ ಸಾವಾಸ
ಹೌದಾ?? ಎಲ್ಲಿದೆ ಇದು?

ಬೆಂಚ್ ನಂಬರ್ ಏಳು
ಇಲ್ಲಪ್ಪ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಬ್ಯಾಕ್ ಸಬ್ಜೆಕ್ಟಿಗೆ ಬಂದ ಮಾರ್ಕ್ಸಿಗೆ ತಕ್ಕ ಗ್ರೇಡೇ ಇದೆ. P ಅಲ್ಲ.

ಆಟಾನಮಸ್ ಆನಂದ
ನಮ್ಮ ಕಾಲೇಜಿನಲ್ಲಿ ಹಾಗಿದೆ. ಮೇಕಪ್ ಎಕ್ಸಾಂ ಬರೆದರೆ ಗ್ರೇಡ್ ಕತ್ತರಿಸ್ತಾರೆ.

ಪಾಠದ ಮೇಡಂ
ಆನಂದ, ನಿಮ್ಮದು ಆಟಾನಮಸ್ ಅಂತ ಹೆಸರಿನಲ್ಲೇ ಇದೆಯಲ್ಲ. ಅಂಥ ಕಾಲೇಜುಗಳು ಪರೀಕ್ಷೆಯ ನಿಯಮ ತಾವೇ ಮಾಡಿಕೊಳ್ತವೆ. ಮಾಲಿನಿ ಹೇಳಿದ್ದು ವಿಟಿಯು ರಿಸಲ್ಟ್ ಪೇಜ್, ಅಂದರೆ ಅವಳ ಎಕ್ಸಾಂ ಯೂನಿವರ್ಸಿಟಿಯದ್ದು. ಅವಳಿಗೆ ಬಂದ ಟೋಟಲ್ ಮೇಲೆ ಗ್ರೇಡ್.

ಹಳೆಯ 38ರ ನಿಜವಾದ ಬೆಲೆ ಇರುವುದು ಇಲ್ಲೇ. ಪಾಸಿಗೆ ಅದು ಸಹಾಯ ಮಾಡಲ್ಲ ಅಂದೆ. ಗ್ರೇಡಿಗೆ ಪೂರ್ತಿ ಕೆಲಸಕ್ಕೆ ಬರುತ್ತೆ. ಮಾಲಿನಿ ಪೇಪರಿನಲ್ಲಿ 35 ತೆಗೆದಳು ಅಂದುಕೊಳ್ಳಿ. 38 ಮತ್ತು 18, ಒಟ್ಟು 56. ಅದು B, ಆರು ಪಾಯಿಂಟ್. B+ ಬೇಕು ಅಂದರೆ ಟೋಟಲ್ 60. 60ರಲ್ಲಿ 38 ಹೋದರೆ 22, ಪೇಪರಿನಲ್ಲಿ 44. A ಬೇಕು ಅಂದರೆ 70, ಅಂದರೆ 32, ಪೇಪರಿನಲ್ಲಿ 64. A+ ಬೇಕು ಅಂದರೆ 84.

ಇದು ನಾಲ್ಕು ಕ್ರೆಡಿಟ್ ಸಬ್ಜೆಕ್ಟ್. ಆ ಸೆಮ್‌ಗೆ 20 ಕ್ರೆಡಿಟ್. B ಬದಲು A ಬಂದರೆ ಎರಡು ಪಾಯಿಂಟ್ ಜಾಸ್ತಿ, ನಾಲ್ಕರಿಂದ ಗುಣಿಸಿದರೆ ಎಂಟು, 20ರಿಂದ ಭಾಗಿಸಿದರೆ 0.4. ಎಸ್‌ಜಿಪಿಎ 0.4 ಮೇಲಕ್ಕೆ ಹೋಗುತ್ತೆ. ಪ್ಲೇಸ್‌ಮೆಂಟ್ ಕಟಾಫ್ ಹತ್ತಿರ ಇದ್ದವರಿಗೆ ಇದು ಸಣ್ಣದಲ್ಲ. 35 ತೆಗೆದು ಕೈ ತೊಳೆದುಕೊಳ್ಳಿ ಅನ್ನುವ ಮಾತು ಇಂಟರ್ನಲ್ಸ್ ಚೆನ್ನಾಗಿ ಇರುವವರಿಗೇ ಹೆಚ್ಚು ನಷ್ಟ.

ಮೂರನೇ ಸೆಮ್ ಮಾಲಿನಿ
64! ಮೇಡಂ ನನಗೆ 31 ಬಂದಿದೆ. ಡಬಲ್ ಎಲ್ಲಿಂದ ತರಲಿ?

ಪಾಠದ ಮೇಡಂ
ಪೇಪರ್ ಹೇಗಿರುತ್ತೆ ನೋಡು. ಐದು ಮಾಡ್ಯೂಲ್, ಒಂದೊಂದಕ್ಕೆ ಎರಡು ಪ್ರಶ್ನೆ, ಒಂದು ಬರೆಯಬೇಕು, 20 ಮಾರ್ಕ್ಸ್. ಮ್ಯಾಥ್ಸ್‌ನಲ್ಲಿ ಸಾಮಾನ್ಯವಾಗಿ ಆ 20 ಅನ್ನು ಎ, ಬಿ, ಸಿ ಅಂತ 6, 7, 7 ಆಗಿ ಒಡೆದಿರ್ತಾರೆ. ಪ್ರತಿ ಮಾಡ್ಯೂಲಿನಲ್ಲಿ ಎರಡು ಲೆಕ್ಕ ಸರಿಯಾಗಿ ಮಾಡಿ, ಮೂರನೆಯದನ್ನು ಪೂರ್ತಿ ಬಿಟ್ಟರೂ ಕಡಿಮೆ ಅಂದರೆ 13. ಐದು ಹದಿಮೂರು 65. A ಬಂತು.

ಬರೀ ಪಾಸಿಗೆ ಮೂರು ಮಾಡ್ಯೂಲಿನಲ್ಲಿ ಇಷ್ಟು ಮಾಡಿದರೆ 39. ಹೆಚ್ಚಿನವರು ಇದನ್ನೇ ಹಿಡಿದು ಮೂರು ಮಾಡ್ಯೂಲ್ ಮಾತ್ರ ಓದ್ತಾರೆ. ಒಂದು ಲೆಕ್ಕ ತಪ್ಪಿದರೆ 32 ಅಥವಾ 33. ನಿನ್ನ 31 ಹಾಗೇ ಆದದ್ದಾ?

ಮೂರನೇ ಸೆಮ್ ಮಾಲಿನಿ
ಹೌದು :( ಪ್ರಾಬಬಿಲಿಟಿ, ಮಾರ್ಕೋವ್ ಚೈನ್, ಮೂರನೇ ಮಾಡ್ಯೂಲ್ ಅಷ್ಟೇ ಓದಿದ್ದೆ. ಕೊನೆಯ ಮಾಡ್ಯೂಲ್ ಮುಟ್ಟಲಿಲ್ಲ.

ಇಪ್ಪತ್ತರ ಸಾವಾಸ
ಕೊನೆಯದು ಅನೋವಾ ಅಲ್ವಾ? ಅದೇ ಸುಲಭ. ಒಂದೇ ಟೇಬಲ್, ಕೂಡು, ವರ್ಗ ಮಾಡು, ಭಾಗಿಸು. ಒನ್ ವೇ ಕಲಿತರೆ ಟೂ ವೇ ಅರ್ಧ ಬಂದಂತೆ. ಪಾಸಾಗದವನ ಸಲಹೆ, ಬೇಕಾದರೆ ತಗೋ.

ಪಾಠದ ಮೇಡಂ
ಪಾಸಾಗದವನು ಸರಿಯಾಗೇ ಹೇಳಿದ್ದಾನೆ. ಕೂಡಿಸುವಾಗ ಮಾತ್ರ ಹುಷಾರು. ಒಂದು ಕಾಲಮ್ ಟೋಟಲ್ ತಪ್ಪಿದರೆ ಕೆಳಗಿನ ಎಫ್ ಬೆಲೆವರೆಗೂ ಎಲ್ಲಾ ತಪ್ಪುತ್ತೆ.

ಓಎಸ್ ಓಬಳೇಶ
ನನ್ನದು BCS303, ಓಎಸ್ ಹೋಗಿದೆ. ಅದರಲ್ಲಿ ಲ್ಯಾಬೂ ಸೇರಿದೆ. ನಾನು ಲ್ಯಾಬ್ ಮತ್ತೆ ಮಾಡಬೇಕಾ? ಲ್ಯಾಬ್ ಅಸಿಸ್ಟೆಂಟ್ "ನೋಡೋಣ" ಅಂದರು.

ಪಾಠದ ಮೇಡಂ
ಬೇಡ. ಅದರಲ್ಲಿ ಲ್ಯಾಬ್ ಮಾರ್ಕ್ಸ್ ಇಂಟರ್ನಲ್ಸ್ ಒಳಗೇ ಸೇರಿಬಿಟ್ಟಿರುತ್ತೆ. ಯೂನಿವರ್ಸಿಟಿ ಎಕ್ಸಾಂ ಥಿಯರಿ ಮಾತ್ರ. ಇಂಟರ್ನಲ್ಸ್ ಮುಂದಕ್ಕೆ ಬಂದರೆ ಲ್ಯಾಬೂ ಅದರ ಜೊತೆಗೇ ಬಂತು. ರಿಸಲ್ಟ್ ಪೇಜಿನಲ್ಲಿ F ಇದೆಯೋ NE ಇದೆಯೋ ನೋಡಿ. NE ಇದ್ದರೆ ಇಂಟರ್ನಲ್ಸೇ ಮುಗಿದಿಲ್ಲ, ಎಕ್ಸಾಂಗೆ ಅರ್ಹತೆಯೇ ಬಂದಿಲ್ಲ ಅಂತ ಅರ್ಥ. ಆಗ ಮುಂದಕ್ಕೆ ತರಲು ಏನೂ ಇರಲ್ಲ, ಈ ಲೆಕ್ಕ ಯಾವುದೂ ಅನ್ವಯ ಆಗಲ್ಲ.

ಓಎಸ್ ಓಬಳೇಶ
F. ಜೀವನದಲ್ಲಿ ಮೊದಲ ಸಲ F ನೋಡಿ ಖುಷಿ ಆಯ್ತು.

ಲೀಡ್ಸ್ ಚಳಿ
ಆನಂದ ಹೇಳಿದ್ದು ಇಂಗ್ಲೆಂಡಿನಲ್ಲಿ ಮಾಮೂಲಿ. ನಾನು ಇಲ್ಲಿ ಎಂಎಸ್ಸಿ ಮಾಡ್ತಿದ್ದೇನೆ. ಒಂದು ಮಾಡ್ಯೂಲ್‌ನಲ್ಲಿ ಕೋರ್ಸ್‌ವರ್ಕ್ ಶೇಕಡಾ 40, ಎಕ್ಸಾಂ ಶೇಕಡಾ 60, ಪಾಸಿಗೆ 50. ಕೋರ್ಸ್‌ವರ್ಕ್‌ನಲ್ಲಿ 62 ಇತ್ತು, ಎಕ್ಸಾಂ ಕೆಟ್ಟಿತು. 62ರ ಶೇಕಡಾ 40 ಅಂದರೆ 24.8. 50 ಮುಟ್ಟಲು ಇನ್ನು 25.2 ಬೇಕು, 0.6ರಿಂದ ಭಾಗಿಸಿದರೆ ಎಕ್ಸಾಂನಲ್ಲಿ 42. ನಾನು ಓದಿ 70 ತೆಗೆದೆ. ಲೆಕ್ಕದಲ್ಲಿ 66.8 ಆಗಬೇಕು. ಕಾರ್ಡಿನಲ್ಲಿ ಬಂದದ್ದು 50. ಮತ್ತೆ ಬರೆದರೆ 50ಕ್ಕೆ ನಿಲ್ಲಿಸ್ತಾರೆ ಅಂತ ಹ್ಯಾಂಡ್‌ಬುಕ್‌ನಲ್ಲೇ ಇತ್ತು, ನಾನು ಓದಿದ್ದು ಆಮೇಲೆ. ಮಾಲಿನಿ, ನಿಮಗೆ ಗ್ರೇಡ್ ಸಿಗುತ್ತೆ ಅಂದರೆ ಬಿಡಬೇಡಿ.

ಹಳೇ ಹುಲಿ 2010
ಅಷ್ಟು ಫೀಸ್ ಕಟ್ಟಿ 66 ತೆಗೆದು 50 ತಗೊಂಡ್ರಾ! ನಮ್ಮ ಬಾಗಿಲ ಹಿಂದಿನ ಸೀಮೆಸುಣ್ಣವೇ ವಾಸಿ.

ಗಡಿಬಿಡಿ ಗಿರೀಶ
ಮೇಡಂ, ನನ್ನದೂ ಒಂದು. ನಿಜವಾದ ಜಗಳದ ಕೇಸು. ಬ್ಯಾಕ್ ರಿಸಲ್ಟ್ ಬಂದಾಗ ಇಂಟರ್ನಲ್ ಕಾಲಮ್ಮಿನಲ್ಲಿ ಹಳೆಯ ನಂಬರ್ ಇರಲಿಲ್ಲ, 0 ಇತ್ತು. ಟೋಟಲ್ ಅಂತ ಬರೀ ಎಕ್ಸಾಂ ಮಾರ್ಕ್ಸ್. ಕಾಲೇಜಿನವರು "ತಾನಾಗೇ ಸರಿ ಹೋಗುತ್ತೆ" ಅಂತ ಕೂರಿಸಿಬಿಟ್ಟರು.

ಪಾಠದ ಮೇಡಂ
ತಾನಾಗೇ ಸರಿ ಹೋಗುತ್ತೆ ಅಂತ ಕಾಯಬಾರದು. ಬ್ಯಾಕ್ ರಿಸಲ್ಟ್ ಬಂದ ದಿನ ಪಾಸೋ ಫೇಲೋ ನೋಡುವ ಮೊದಲು ಇಂಟರ್ನಲ್ ಕಾಲಮ್ ನೋಡಿ. ಹಳೆಯ ಮಾರ್ಕ್ಸ್ ಕಾರ್ಡಿನ ನಂಬರೇ ಇರಬೇಕು. ಬೇರೆ ಇದ್ದರೆ ಆ ಹಳೆಯ ಕಾರ್ಡಿನ ಪ್ರತಿ ಇಟ್ಟು ಪ್ರಿನ್ಸಿಪಾಲ್ ಮೂಲಕ ಪತ್ರ ಬರೆಸಿ, ಸ್ವೀಕೃತಿ ತಗೊಳ್ಳಿ. ನಿಮ್ಮ ಬಾಯಿ ಮಾತಿಗೆ ಯಾರೂ ತಿದ್ದಲ್ಲ.

ಗಡಿಬಿಡಿ ಗಿರೀಶ
ಅಂದ್ರೆ ಒಂದು ಸಲವಾದ್ರೂ ಜಗಳ ಸರಿ ಇತ್ತು.

ಇಪ್ಪತ್ತರ ಸಾವಾಸ
ನನ್ನ ಪ್ರಶ್ನೆ ಉಳೀತು. 35ರ ಅರ್ಧ 17.5 ಹೋಗಿ 18 ಆಗುತ್ತೆ ಅಂದ್ರಿ. ಹಾಗಾದ್ರೆ 39ರ ಅರ್ಧ 19.5 ಹೋಗಿ 20 ಆಗಬೇಕಲ್ಲ? ನನ್ನ 20 ಜೊತೆ ಸೇರಿ 40. ಅಂದರೆ ನನಗೆ 40 ಬೇಡ, 39 ಸಾಕು. ಮೂರು ಹದಿಮೂರು ಸರಿಯಾಗಿ 39!

ಬೆಂಚ್ ನಂಬರ್ ಏಳು
ಇಲ್ಲ ಇಲ್ಲ. ರೌಂಡ್ ಮಾಡೋದು ಮಿನಿಮಮ್‌ಗೆ ಮಾತ್ರ. ಮೇಲಿನದಕ್ಕೆ ಕೊಡಲ್ಲ.

ಹಳೇ ಹುಲಿ 2010
ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ? ಹಾಗಾದರೆ 31ಕ್ಕೆ 15 ಬರಬೇಕಿತ್ತು, ಮಾಲಿನಿಯದ್ದು 16 ಇದೆಯಲ್ಲ.

ಬೆಂಚ್ ನಂಬರ್ ಏಳು
ಅವರದು 32 ಇರಬಹುದು. ಅವರೇ ಫೋಟೋಕಾಪಿ ನೋಡಿಲ್ಲ.

ಪಾಠದ ಮೇಡಂ
ಅದೇ ಲೆಕ್ಕ ಎಲ್ಲಾ ಕಡೆ ಹಾಕಿದರೆ 39 ಸಾಕು ಅಂತ ನಾನೂ ಅಂದುಕೊಳ್ತೇನೆ. ಆದರೆ 39ಕ್ಕೆ ಗುರಿ ಇಟ್ಟು ಎಕ್ಸಾಂ ಹಾಲಿಗೆ ಹೋಗಬೇಡ. ನಾಲ್ಕನೇ ಮಾಡ್ಯೂಲಿನಿಂದ ಒಂದು ಲೆಕ್ಕ ಕಲಿತುಕೊಂಡು ಹೋದರೆ ಈ ಚರ್ಚೆಯೇ ಬೇಡ.

ಓಎಸ್ ಓಬಳೇಶ
ನನ್ನ ಕ್ಲಾಸಿನ ಒಬ್ಬನ ರಿಸಲ್ಟ್‌ನಲ್ಲಿ ಇಂಟರ್ನಲ್ 20, ಎಕ್ಸ್‌ಟರ್ನಲ್ 20, P ಅಂತ ಇದೆ. ನಾನೇ ನೋಡಿದ್ದೇನೆ.

ಇಪ್ಪತ್ತರ ಸಾವಾಸ
ಪೇಪರಿನಲ್ಲಿ 39 ಇತ್ತೋ 40 ಇತ್ತೋ ಕೇಳಿ ಗುರು! ಫೋಟೋಕಾಪಿ ತರಿಸಿದ್ದಾನಾ?

ಓಎಸ್ ಓಬಳೇಶ
ಪಾಸಾದವನು ದುಡ್ಡು ಕೊಟ್ಟು ಫೋಟೋಕಾಪಿ ಯಾಕೆ ತರಿಸ್ತಾನೆ?